ಒಂದೇ ಉದ್ಯಮದ ಕಂಪೆನಿಗಳ ಮೌಲ್ಯ ತುಲನೆ: ಬೆಲೆ-ಗಳಿಕೆ ಅನುಪಾತದ ಬಳಕೆ ಮತ್ತು ದುರ್ಬಳಕೆ

ಒಂದು ಕಂಪೆನಿಯ ಷೇರು ಅಗ್ಗವೋ ದುಬಾರಿಯೋ ಎಂಬುದನ್ನು ಅದರ ಬೆಲೆಯೊಂದೇ ತಿಳಿಸುವುದಿಲ್ಲ. ನೂರು ರೂಪಾಯಿಯ ಷೇರು ದುಬಾರಿಯಾಗಿರಬಹುದು, ಸಾವಿರ ರೂಪಾಯಿಯದು ಅಗ್ಗವಾಗಿರಬಹುದು. ಆದ್ದರಿಂದ ಷೇರಿನ ಬೆಲೆಯನ್ನು ಪ್ರತಿ ಷೇರಿನ ವಾರ್ಷಿಕ ಗಳಿಕೆಯಿಂದ ಭಾಗಿಸುವ ಕ್ರಮ ರೂಢಿಯಲ್ಲಿದೆ. ಹೀಗೆ ಬರುವ ಸಂಖ್ಯೆಯೇ ಬೆಲೆ-ಗಳಿಕೆ ಅನುಪಾತ. ಮಾರುಕಟ್ಟೆಯ ಮಾತಿನಲ್ಲಿ ಪಿಇ. ಒಂದು ರೂಪಾಯಿ ವಾರ್ಷಿಕ ಲಾಭಕ್ಕೆ ಮಾರುಕಟ್ಟೆ ಎಷ್ಟು ರೂಪಾಯಿ ತೆರಲು ಸಿದ್ಧವಿದೆ ಎಂಬುದನ್ನು ಇದು ಸೂಚಿಸುತ್ತದೆ. ಒಂದೇ ಉದ್ಯಮದ ಕಂಪೆನಿಗಳ ಅನುಪಾತಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದಕ್ಕೆ ಸಾಪೇಕ್ಷ ಮೌಲ್ಯಮಾಪನವೆನ್ನುತ್ತಾರೆ. ವಿಧಾನ ಸರಳವಾದುದು, ಆದರೆ ಅದರಲ್ಲಿ ಆಗುವ ತಪ್ಪುಗಳು ಕೈಯಿಂದ ಹಣ ಕಳೆಯುವಂಥವು. ಮಂಗಳೂರಿನ ಸಮೀಪದ ಕುತ್ತೆತ್ತೂರಿನಲ್ಲಿರುವ ತೈಲ ಶುದ್ಧೀಕರಣಾಗಾರವೇ ಇದಕ್ಕೆ ಉತ್ತಮ ನಿದರ್ಶನ.

ಮೊದಲ ತಪ್ಪು: ಒಂದೇ ವರ್ಷದ ಲಾಭವನ್ನು ನಂಬುವುದು

1988ರಲ್ಲಿ ಸ್ಥಾಪನೆಯಾಗಿ, 2003ರಲ್ಲಿ ಒಎನ್‌ಜಿಸಿಯ ಆಡಳಿತಕ್ಕೆ ಬಂದ ಎಂಆರ್‌ಪಿಎಲ್ ಸುಮಾರು 175 ಕೋಟಿ ಷೇರುಗಳನ್ನು ಹೊಂದಿದೆ. ಅದರ ನಿವ್ವಳ ಲಾಭ 2023-24ರಲ್ಲಿ ಸುಮಾರು 3,596 ಕೋಟಿ ರೂಪಾಯಿ ಇದ್ದುದು 2024-25ರಲ್ಲಿ ಸುಮಾರು 51 ಕೋಟಿಗೆ ಇಳಿಯಿತು. ಅಂದರೆ ಪ್ರತಿ ಷೇರಿನ ಗಳಿಕೆ ಇಪ್ಪತ್ತೂವರೆ ರೂಪಾಯಿಯಿಂದ ಸುಮಾರು 29 ಪೈಸೆಗೆ ಕುಸಿಯಿತು.

ಷೇರಿನ ಬೆಲೆ 140 ರೂಪಾಯಿ ಎಂದು ಲೆಕ್ಕದ ಅನುಕೂಲಕ್ಕಾಗಿ ಭಾವಿಸಿದರೆ, ಮೊದಲ ವರ್ಷದ ಲಾಭದ ಮೇಲೆ ಅನುಪಾತ ಸುಮಾರು 7, ಎರಡನೆಯ ವರ್ಷದ ಲಾಭದ ಮೇಲೆ ಸುಮಾರು 480. ಕಾರ್ಖಾನೆ ಅದೇ, ಷೇರು ಅದೇ, ಬೆಲೆಯೂ ಅದೇ. ಮೊದಲನೆಯದನ್ನು ಕಂಡವನು ಭಾರೀ ಅಗ್ಗವೆಂದು ಕೊಳ್ಳುತ್ತಾನೆ. ಎರಡನೆಯದನ್ನು ಕಂಡವನು ವಿಪರೀತ ದುಬಾರಿಯೆಂದು ಮಾರುತ್ತಾನೆ. ಇಬ್ಬರ ತೀರ್ಮಾನಕ್ಕೂ ಗಟ್ಟಿಯಾದ ಆಧಾರವಿಲ್ಲ.

ಇದಕ್ಕೆ ಕಾರಣ ಉದ್ಯಮದ ಸ್ವರೂಪದಲ್ಲಿದೆ. ಕಚ್ಚಾ ತೈಲದ ಬೆಲೆಗೂ ಡೀಸೆಲ್, ಪೆಟ್ರೋಲ್ ಮೊದಲಾದ ಉತ್ಪನ್ನಗಳ ಬೆಲೆಗೂ ಇರುವ ಅಂತರವೇ ಶುದ್ಧೀಕರಣಾಗಾರದ ಮುಖ್ಯ ಆದಾಯ. ಈ ಅಂತರವನ್ನು ನಿರ್ಧರಿಸುವುದು ಅಂತರರಾಷ್ಟ್ರೀಯ ಮಾರುಕಟ್ಟೆಯೇ ಹೊರತು ಕಂಪೆನಿಯಲ್ಲ. ಅದು ಹಿಗ್ಗಿದಾಗ ಲಾಭ ಉಕ್ಕುತ್ತದೆ, ಕುಗ್ಗಿದಾಗ ಬತ್ತುತ್ತದೆ. ಹೂಡಿಕೆದಾರರಿಗೆ ಈ ಏರಿಳಿತದ ಅರಿವಿರುವುದರಿಂದ ಷೇರಿನ ಬೆಲೆ ಲಾಭದಷ್ಟು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಪರಿಣಾಮವಾಗಿ ಇಂಥ ಉದ್ಯಮಗಳಲ್ಲಿ ಲಾಭ ಶಿಖರದಲ್ಲಿರುವಾಗ ಅನುಪಾತ ಅತಿ ಕಡಿಮೆಯಾಗಿಯೂ, ಲಾಭ ತಳ ಮುಟ್ಟಿದಾಗ ಅತಿ ಹೆಚ್ಚಾಗಿಯೂ ಕಾಣುತ್ತದೆ. ಸಕ್ಕರೆ, ಉಕ್ಕು, ರಸಗೊಬ್ಬರಗಳ ವಿಷಯದಲ್ಲಿಯೂ ಇದನ್ನು ನೆನಪಿನಲ್ಲಿಡಬೇಕು.

ಪರಿಹಾರವೆಂದರೆ ಹಲವು ವರ್ಷಗಳ ಸರಾಸರಿ ಲಾಭವನ್ನು ಬಳಸುವುದು. ಎಂಆರ್‌ಪಿಎಲ್‌ನ ಲಾಭ 2021-22ರಲ್ಲಿ ಸುಮಾರು 2,955 ಕೋಟಿ, 2022-23ರಲ್ಲಿ ಸುಮಾರು 2,638 ಕೋಟಿ ರೂಪಾಯಿ. ಅನಂತರದ ಎರಡು ವರ್ಷಗಳನ್ನೂ ಸೇರಿಸಿದರೆ ನಾಲ್ಕು ವರ್ಷಗಳ ಸರಾಸರಿ ಸುಮಾರು 2,310 ಕೋಟಿ. ಪ್ರತಿ ಷೇರಿಗೆ 13 ರೂಪಾಯಿಗೆ ಸ್ವಲ್ಪ ಹೆಚ್ಚು. 140 ರೂಪಾಯಿ ಬೆಲೆಗೆ ಅನುಪಾತ ಹತ್ತೂವರೆಯಷ್ಟು ಬರುತ್ತದೆ. ಇದು ಏಳಕ್ಕಿಂತಲೂ ನಾನೂರ ಎಂಬತ್ತಕ್ಕಿಂತಲೂ ನಂಬಲರ್ಹವಾದ ಅಂಕಿ. ಆದರೆ ಸರಾಸರಿಗೂ ಮಿತಿಯುಂಟು. ಕೋವಿಡ್ ಕಾಲದ 2020-21ರಲ್ಲಿ ಕಂಪೆನಿ ನಷ್ಟ ಅನುಭವಿಸಿತ್ತು. ಆ ವರ್ಷವನ್ನು ಸೇರಿಸಿದರೆ ಸರಾಸರಿ ಇಳಿದು ಅನುಪಾತ ಏರುತ್ತದೆ. ಆದ್ದರಿಂದ ಯಾವ ವರ್ಷಗಳನ್ನು ಆರಿಸಲಾಗಿದೆ ಎಂಬುದನ್ನು ಕೇಳದೆ ಯಾವ ಸರಾಸರಿಯನ್ನೂ ಒಪ್ಪಬಾರದು. ತುಲನೆಗೆ ತೆಗೆದುಕೊಂಡ ಎಲ್ಲ ಕಂಪೆನಿಗಳಿಗೂ ಅವೇ ವರ್ಷಗಳು ಅನ್ವಯವಾಗಬೇಕು.

ಎರಡನೆಯ ತಪ್ಪು: ಹೆಸರಿಗೆ ಮಾತ್ರ ಒಂದೇ ಉದ್ಯಮ

ಎಂಆರ್‌ಪಿಎಲ್‌ನ ಅನುಪಾತವನ್ನು ಎಚ್‌ಪಿಸಿಎಲ್ ಅಥವಾ ಇಂಡಿಯನ್ ಆಯಿಲ್‌ನ ಅನುಪಾತದೊಂದಿಗೆ ಹೋಲಿಸುವುದು ಸಾಮಾನ್ಯ. ಎಲ್ಲವೂ ತೈಲ ಕಂಪೆನಿಗಳೇ. ಆದರೆ ಎಚ್‌ಪಿಸಿಎಲ್ ಮತ್ತು ಇಂಡಿಯನ್ ಆಯಿಲ್ ದೇಶದಾದ್ಯಂತ ಪೆಟ್ರೋಲ್ ಬಂಕುಗಳನ್ನೂ ಅಡುಗೆ ಅನಿಲದ ವಿತರಣೆಯನ್ನೂ ನಡೆಸುತ್ತವೆ. ಶುದ್ಧೀಕರಣದ ಲಾಭ ಕುಗ್ಗಿದ ವರ್ಷ ಚಿಲ್ಲರೆ ಮಾರಾಟದ ಲಾಭ ಅದನ್ನು ತುಂಬಿಕೊಡುವುದುಂಟು; ಕೆಲವೊಮ್ಮೆ ಇದಕ್ಕೆ ವಿರುದ್ಧವೂ ಆಗುವುದುಂಟು. ಎಂಆರ್‌ಪಿಎಲ್‌ನ ಗಳಿಕೆ ಬಹುತೇಕ ಶುದ್ಧೀಕರಣವನ್ನೇ ಅವಲಂಬಿಸಿದೆ. ಇದಕ್ಕೆ ಹೆಚ್ಚು ಸಮೀಪದ ಜೊತೆಯೆಂದರೆ ಇಂಡಿಯನ್ ಆಯಿಲ್‌ನ ಅಂಗಸಂಸ್ಥೆಯಾದ ಚೆನ್ನೈ ಪೆಟ್ರೋಲಿಯಂ. ಲಾಭ ಎಲ್ಲಿಂದ ಬರುತ್ತದೆ ಎಂಬುದನ್ನು ವಾರ್ಷಿಕ ವರದಿಯಲ್ಲಿ ನೋಡಿದ ಮೇಲೆಯೇ ಹೋಲಿಕೆಯ ಗುಂಪನ್ನು ಕಟ್ಟಬೇಕು.

ಗುಂಪಿನ ಸರಾಸರಿ ತೆಗೆಯುವಾಗಲೂ ಎಚ್ಚರ ಬೇಕು. ಮೂರು ಕಂಪೆನಿಗಳ ಅನುಪಾತ 10, 12 ಮತ್ತು 480 ಆಗಿದ್ದರೆ ಸರಾಸರಿ 167 ದಾಟುತ್ತದೆ. ಅದು ಮೂವರಲ್ಲಿ ಯಾರಿಗೂ ಹೊಂದದ ಸಂಖ್ಯೆ. ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನ 12ನ್ನು ಆರಿಸಿಕೊಳ್ಳುವುದು ಲೇಸು. ನಷ್ಟದಲ್ಲಿರುವ ಕಂಪೆನಿಗೆ ಅನುಪಾತವೇ ಇರುವುದಿಲ್ಲ. ಹಾಗೆಂದು ಅದನ್ನು ಕೈಬಿಟ್ಟರೆ ಉದ್ಯಮ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಆಗ ಎಲ್ಲ ಕಂಪೆನಿಗಳ ಒಟ್ಟು ಮಾರುಕಟ್ಟೆ ಮೌಲ್ಯವನ್ನು, ನಷ್ಟವನ್ನು ಕಳೆದ ಒಟ್ಟು ಲಾಭದಿಂದ ಭಾಗಿಸುವುದು ಸರಿಯಾದ ಕ್ರಮ.

ಮೂರನೆಯ ತಪ್ಪು: ಸಾಲವನ್ನು ಮರೆಯುವುದು

ಸಾಲದ ಪ್ರಶ್ನೆ ಷೇರುಪೇಟೆಗೆ ಸೀಮಿತವಲ್ಲ. ಪಾಲುದಾರನೊಬ್ಬ ಹೊರಹೋಗುವಾಗ ಅಥವಾ ಘಟಕವೊಂದನ್ನು ಕೊಳ್ಳುವಾಗ ಸಣ್ಣ ಉದ್ಯಮಿಗೂ ಎದುರಾಗುತ್ತದೆ. ಎರಡು ಗೇರುಬೀಜ ಕಾರ್ಖಾನೆಗಳು ಬಡ್ಡಿ ಮತ್ತು ತೆರಿಗೆಗೆ ಮೊದಲು ತಲಾ ಒಂದು ಕೋಟಿ ರೂಪಾಯಿ ಗಳಿಸುತ್ತವೆ, ತೆರಿಗೆ ಶೇ. 25 ಎಂದು ಭಾವಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಮೊದಲನೆಯದಕ್ಕೆ ಸಾಲವಿಲ್ಲ, ಅದರ ನಿವ್ವಳ ಲಾಭ 75 ಲಕ್ಷ. ಎರಡನೆಯದಕ್ಕೆ ಶೇ. 10ರ ಬಡ್ಡಿಯಲ್ಲಿ ನಾಲ್ಕು ಕೋಟಿ ಸಾಲವಿದೆ. 40 ಲಕ್ಷ ಬಡ್ಡಿ ಕಳೆದು, ತೆರಿಗೆ ಕಟ್ಟಿದ ಮೇಲೆ ಉಳಿಯುವುದು 45 ಲಕ್ಷ.

ಮೊದಲ ಕಾರ್ಖಾನೆ ಒಂಬತ್ತು ಕೋಟಿಗೆ, ಅಂದರೆ 12ರ ಅನುಪಾತಕ್ಕೆ ಮಾರಾಟವಾಯಿತು ಎನ್ನೋಣ. ಅದೇ 12ನ್ನು ಎರಡನೆಯದಕ್ಕೂ ಅನ್ವಯಿಸಿದರೆ ಬೆಲೆ 5 ಕೋಟಿ 40 ಲಕ್ಷ. ಕೊಂಡವನ ತಲೆಯ ಮೇಲೆ ನಾಲ್ಕು ಕೋಟಿ ಸಾಲವೂ ಬರುವುದರಿಂದ ಅವನು ನಿಜವಾಗಿ ತೆರುವುದು 9 ಕೋಟಿ 40 ಲಕ್ಷ. ಅಷ್ಟೇ ಗಳಿಸುವ ಯಂತ್ರಗಳಿಗೆ 40 ಲಕ್ಷ ಹೆಚ್ಚು ಕೊಟ್ಟಂತಾಯಿತು; ಮೇಲಾಗಿ ಸಾಲದ ಅಪಾಯವೂ ಅವನದೇ. ಸಾಲದ ಪ್ರಮಾಣ ಬೇರೆ ಬೇರೆಯಿದ್ದಾಗ ಷೇರು ಬಂಡವಾಳದ ಮೌಲ್ಯಕ್ಕೆ ಸಾಲವನ್ನು ಕೂಡಿಸಿ, ಬಡ್ಡಿ ಮತ್ತು ತೆರಿಗೆಗೆ ಮುಂಚಿನ ಲಾಭದೊಂದಿಗೆ ಹೋಲಿಸಬೇಕು. ಮೊದಲ ಕಾರ್ಖಾನೆಗೆ ಈ ಲೆಕ್ಕ ಒಂಬತ್ತು ಪಟ್ಟು, ಎರಡನೆಯದಕ್ಕೆ 9.4 ಪಟ್ಟು. ಪಿಇ ಮರೆಮಾಡಿದ ವ್ಯತ್ಯಾಸ ಇಲ್ಲಿ ಬಯಲಾಗುತ್ತದೆ.

ಷೇರುಪೇಟೆಯ ಕಂಪೆನಿಯ ಅನುಪಾತವನ್ನು ಖಾಸಗಿ ಘಟಕಕ್ಕೆ ಹಾಗೆಯೇ ಅನ್ವಯಿಸುವಂತೆಯೂ ಇಲ್ಲ. ಪೇಟೆಯ ಷೇರನ್ನು ಬೇಕೆಂದ ದಿನ ಮಾರಬಹುದು; ಖಾಸಗಿ ಪಾಲನ್ನು ಕೊಳ್ಳುವವರು ಸಿಗುವುದೇ ಕಷ್ಟ. ಮಾಲೀಕನು ಸಂಬಳ ಪಡೆಯದೆ ದುಡಿಯುತ್ತಿದ್ದರೆ, ಅದೇ ಕೆಲಸಕ್ಕೆ ವ್ಯವಸ್ಥಾಪಕನೊಬ್ಬನಿಗೆ ಕೊಡಬೇಕಾದ ಸಂಬಳವನ್ನು ಲಾಭದಿಂದ ಮೊದಲು ಕಳೆಯಬೇಕು. ವರ್ಷಕ್ಕೆ ಆರು ಲಕ್ಷದ ಸಂಬಳವನ್ನು ಕಳೆಯಲು ಮರೆತರೆ, ಶೇ. 25ರ ತೆರಿಗೆಯ ಲೆಕ್ಕದಲ್ಲಿ ನಿವ್ವಳ ಲಾಭ ನಾಲ್ಕೂವರೆ ಲಕ್ಷದಷ್ಟು ಹೆಚ್ಚಾಗಿ ತೋರುತ್ತದೆ. ಹನ್ನೆರಡರ ಅನುಪಾತದಲ್ಲಿ ಕೊಳ್ಳುವವನಿಗೆ ಆ ಮರೆವಿನ ಬೆಲೆ 54 ಲಕ್ಷ ರೂಪಾಯಿ.