ಹಳ್ಳದ ಮೇಲಿನ ಹಳೇ ಸೇತುವೆ ಎಷ್ಟು ಭಾರ ತಾಳೀತು? ಭಾರಕ್ಷಮತೆಯ ಟಿಪ್ಪಣಿ ಬರೆಯುವ ಬಗೆ

ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಗೆ ಹೊರಟರೆ ದಾರಿಯಲ್ಲಿ ಸಣ್ಣ ಹಳ್ಳಗಳು ಹಲವು ಅಡ್ಡ ಬರುತ್ತವೆ. ಅವುಗಳ ಮೇಲಿನ ಹಳೇ ಸೇತುವೆಗಳು ಕಟ್ಟಿದ ಕಾಲಕ್ಕೆ ಕಂಡದ್ದು ಬಸ್ಸು, ಚಕ್ಕಡಿ ಮತ್ತು ಆರು ಚಕ್ರದ ಲಾರಿಗಳನ್ನು. ಈಗ ಅದೇ ಸೇತುವೆಗಳ ಮೇಲೆ ತುಂಗಭದ್ರೆಯ ಉಸುಕಿನ ಟಿಪ್ಪರ್‌ಗಳು, ಖಡಿ ತುಂಬಿದ ಲಾರಿಗಳು, ಸುಗ್ಗಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳು ಓಡುತ್ತಿವೆ. ಲಾರಿಗಳು ಕಾನೂನಿನ ಪ್ರಕಾರವೇ ಭಾರವಾಗಿವೆ. ಕೇಂದ್ರ ಸರ್ಕಾರ 2018ರ ಜುಲೈ 16ರ ಅಧಿಸೂಚನೆಯಲ್ಲಿ ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು 25 ಟನ್‌ನಿಂದ 28.5 ಟನ್‌ಗೆ ಏರಿಸಿತು. ಹಿಂದಿನ ಜೋಡಿ ಅಚ್ಚಿನ ಮಿತಿ 19ರಿಂದ 21 ಟನ್ ಆಯಿತು. ಮಿತಿ ಏರಿತೆಂದು ಸೇತುವೆಯೊಳಗಿನ ಕಬ್ಬಿಣ ದಪ್ಪವಾಗಲಿಲ್ಲ.

ಇಂಥ ಸೇತುವೆಯ ಬಗ್ಗೆ ಎಂಜಿನಿಯರ್ ಬರೆಯಬೇಕಾದದ್ದು ಮೂರ್ನಾಲ್ಕು ಪುಟದ ಒಂದು ಟಿಪ್ಪಣಿ. ಸೇತುವೆ ಈಗ ಯಾವ ಲಾರಿಯನ್ನು ತಾಳುತ್ತದೆ, ಏನನ್ನು ಊಹಿಸಿ ಹಾಗೆ ಹೇಳಲಾಗಿದೆ, ಯಾವ ನಿರ್ಬಂಧ ಬೇಕು ಎಂಬ ಮೂರು ಮಾತು ಅದರಲ್ಲಿರಬೇಕು. ಇದಕ್ಕೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಎಸ್‌ಪಿ 37 ಎಂಬ ಮಾರ್ಗಸೂಚಿಯೇ ಇದೆ. ಊರಿನ ಪಂಚಾಯ್ತಿ ಸದಸ್ಯರೂ ಈ ಟಿಪ್ಪಣಿಯನ್ನು ಓದಿ ಪ್ರಶ್ನೆ ಕೇಳಬಲ್ಲವರಾಗಲಿ ಎಂದು ಅದರ ಹೆಜ್ಜೆಗಳನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ. ಲೆಕ್ಕಕ್ಕೆ ತೆಗೆದುಕೊಂಡದ್ದು ಒಂದು ಮಾದರಿ ಸೇತುವೆ, ಯಾವುದೋ ಒಂದು ಊರಿನದಲ್ಲ. ಆರು ಮೀಟರ್ ಅಂಕಣ, ಏಳೂವರೆ ಮೀಟರ್ ಅಗಲ, ಅರ್ಧ ಮೀಟರ್ ದಪ್ಪದ ಕಾಂಕ್ರೀಟ್ ಹಾಸು. ಈ ಅಳತೆಯ ಸೇತುವೆಗಳು ನಮ್ಮ ಕಡೆಯ ಹಳ್ಳಗಳಿಗೆ ಸಾಮಾನ್ಯ.

ಮೊದಲು ಸೇತುವೆಯ ಕೆಳಗೆ ಇಳಿಯಿರಿ

ಹಳೆಯ ನಕ್ಷೆ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಸೇತುವೆಯನ್ನು ಯಾವ ದರ್ಜೆಯ ಭಾರಕ್ಕೆ ಕಟ್ಟಿದರು ಎಂಬುದು ಅದರಲ್ಲಿರುತ್ತದೆ. ರಸ್ತೆ ಕಾಂಗ್ರೆಸ್ಸಿನ 'ಎ' ದರ್ಜೆಯ ಲಾರಿಸಾಲಿನಲ್ಲಿ ಅತಿ ಭಾರದ ಜೋಡಿ ಅಚ್ಚು 22.8 ಟನ್ ತೂಗುತ್ತದೆ, ಅಂದರೆ ಇವತ್ತಿನ ಕಾನೂನಿನ 21 ಟನ್‌ಗಿಂತ ಹೆಚ್ಚು. 'ಬಿ' ದರ್ಜೆಯಲ್ಲಿ ಅದೇ ಜೋಡಿ 13.6 ಟನ್ ಮಾತ್ರ. 'ಎ' ದರ್ಜೆಗೆ ಕಟ್ಟಿ ಚೆನ್ನಾಗಿ ಉಳಿದ ಸೇತುವೆಗೆ ಕಾನೂನುಬದ್ಧ ಲಾರಿಯ ಹೆದರಿಕೆಯಿಲ್ಲ. ಹಾಗೆ ಉಳಿದಿದೆಯೇ ಎಂಬುದೇ ನೋಡಬೇಕಾದ ವಿಷಯ.

ನಕ್ಷೆ ಸಿಗದಿದ್ದರೆ, ಬಹಳ ಸಲ ಸಿಗುವುದೂ ಇಲ್ಲ, ಬೇಸಿಗೆಯಲ್ಲಿ ಹಳ್ಳ ಒಣಗಿದಾಗ ಕೆಳಗಿಳಿದು ಅಳೆಯಬೇಕು. ಹಾಸಿನ ಅಡಿಭಾಗವನ್ನು ಸುತ್ತಿಗೆಯಿಂದ ತಟ್ಟುತ್ತ ಹೋಗಿ. ಗಟ್ಟಿ ಕಾಂಕ್ರೀಟ್ ಟಣ್ ಎನ್ನುತ್ತದೆ, ಒಳಗೆ ಬಿಟ್ಟುಕೊಂಡದ್ದು ಡಬ್ಬದಂತೆ ಟೊಳ್ಳಾಗಿ ಸದ್ದು ಮಾಡುತ್ತದೆ. ಟೊಳ್ಳು ಸದ್ದಿನ ಒಂದು ಜಾಗದಲ್ಲಿ ಕಾಂಕ್ರೀಟ್ ಕೆತ್ತಿ ಸರಳನ್ನು ಕಾಣುವಂತೆ ಮಾಡಿ. ಸರಳು ನುಣುಪಾಗಿದೆಯೋ ಗೀರು ಗೀರಾಗಿದೆಯೋ, ಎಷ್ಟು ಅಂತರದಲ್ಲಿದೆ, ತುಕ್ಕನ್ನು ಉಜ್ಜಿ ತೆಗೆದ ಮೇಲೆ ಎಷ್ಟು ದಪ್ಪ ಉಳಿದಿದೆ ಎಂದು ಕ್ಯಾಲಿಪರ್‌ನಿಂದ ಅಳೆಯಿರಿ. ತುಕ್ಕಿನ ಸಮೇತ ಅಳೆದರೆ ಸರಳು ದಪ್ಪವಾಗಿಯೇ ಕಾಣುತ್ತದೆ, ಈ ತಪ್ಪು ಹಲವು ವರದಿಗಳಲ್ಲಿ ನುಸುಳುತ್ತದೆ.

ಮೇಲೆ ಬಂದು ಇನ್ನೊಂದು ಅಳತೆ ತೆಗೆಯಬೇಕು, ಡಾಂಬರಿನ ದಪ್ಪ. ರಸ್ತೆ ರಿಪೇರಿಗೆ ಬಂದಾಗಲೆಲ್ಲ ಹಳೇ ಪದರ ಕೀಳದೆ ಅದರ ಮೇಲೆಯೇ ಹೊಸದನ್ನು ಹಾಕುತ್ತ ಬಂದಿರುತ್ತಾರೆ. ಕಟಕಟೆಯ ಎತ್ತರ ಮೊಣಕಾಲಿಗೆ ಇಳಿದಿದ್ದರೆ, ನೀರು ಹೋಗುವ ತೂತುಗಳು ಮುಚ್ಚಿದ್ದರೆ ಕಾರಣ ಇದೇ. ನಮ್ಮ ಮಾದರಿಯಲ್ಲಿ ಮೊದಲು 7.5 ಸೆಂ.ಮೀ. ಇದ್ದ ಪದರ ಈಗ 20 ಸೆಂ.ಮೀ. ಆಗಿದೆ ಎಂದುಕೊಳ್ಳೋಣ. ಹೆಚ್ಚಾದ ಹನ್ನೆರಡೂವರೆ ಸೆಂ.ಮೀ. ಡಾಂಬರು ಈ ಪುಟ್ಟ ಸೇತುವೆಯ ಮೇಲೆ ಹನ್ನೆರಡು ಟನ್‌ಗೂ ಮಿಕ್ಕಿ ತೂಗುತ್ತದೆ. ಒಂದು ಖಾಲಿ ಟಿಪ್ಪರನ್ನು ಹಗಲು ರಾತ್ರಿ ಅಲ್ಲೇ ನಿಲ್ಲಿಸಿದಂತೆ.

ಊಹೆಗಳನ್ನು ಬಚ್ಚಿಡಬಾರದು

ಟಿಪ್ಪಣಿಯ ಜೀವ ಇರುವುದು ಊಹೆಗಳ ಪುಟದಲ್ಲಿ. ಅಳೆದದ್ದು ಯಾವುದು, ಅಂದಾಜು ಮಾಡಿದ್ದು ಯಾವುದು ಎಂದು ಬೇರೆ ಬೇರೆಯಾಗಿ ಬರೆಯಬೇಕು. ನಮ್ಮ ಮಾದರಿಯಲ್ಲಿ ಸರಳು ನುಣುಪಾದ ಹಳೇ ಸಾದಾ ಉಕ್ಕು. ಅದಕ್ಕೆ ಹಿಡಿಯುವ ಸುರಕ್ಷಿತ ಒತ್ತಡ ಚದರ ಮಿಲಿಮೀಟರಿಗೆ 125 ನ್ಯೂಟನ್. ಮೂಲದಲ್ಲಿ 25 ಮಿ.ಮೀ. ಸರಳು, 125 ಮಿ.ಮೀ.ಗೆ ಒಂದರಂತೆ. ತುಕ್ಕು ತಿಂದು ಈಗ ಉಳಿದದ್ದು 23 ಮಿ.ಮೀ. ಎರಡು ಮಿಲಿಮೀಟರ್ ಅಲ್ಲವೇ ಎನ್ನಬೇಡಿ. ಸರಳಿನ ಬಲ ಇರುವುದು ಅಡ್ಡ ಕೊಯ್ದಾಗ ಕಾಣುವ ವಿಸ್ತೀರ್ಣದಲ್ಲಿ, ಅದರಲ್ಲಿ ಸುಮಾರು ಶೇಕಡಾ 15 ಪಾಲು ಹೋಗಿರುತ್ತದೆ.

ಎರಡು ಲಾರಿ ಅಕ್ಕಪಕ್ಕ ಬಂದರೆ ಒಂದೊಂದರ ಭಾರವನ್ನು ಮೂರೂವರೆ ಮೀಟರ್ ಅಗಲದ ಹಾಸು ಹೊರುತ್ತದೆ ಎಂಬುದು ಇನ್ನೊಂದು ಊಹೆ. ಓಡುವ ಲಾರಿ ನಿಂತ ಲಾರಿಗಿಂತ ಹೆಚ್ಚು ಪೆಟ್ಟು ಕೊಡುತ್ತದೆ. ಆರು ಮೀಟರ್ ಅಂಕಣಕ್ಕೆ ರಸ್ತೆ ಕಾಂಗ್ರೆಸ್ಸಿನ ಸಂಹಿತೆಯ ಸೂತ್ರದಂತೆ ಅದಕ್ಕಾಗಿ ಶೇಕಡಾ 37.5 ಸೇರಿಸಬೇಕು. ನಿಧಾನ ಹೋಗುತ್ತಾರೆಂದು ಇದನ್ನು ಕಡಿಮೆ ಮಾಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಸೇತುವೆಯ ಬಾಯಲ್ಲಿ ಮಣ್ಣು ಕುಸಿದು ಗುಂಡಿ ಬಿದ್ದಿದ್ದರೆ ನಿಧಾನ ಬಂದ ಲಾರಿಯೂ ಹಾಸಿನ ಮೇಲೆ ಧಡಕ್ಕನೆ ಇಳಿಯುತ್ತದೆ.

ಲೆಕ್ಕ

ಭಾರ ಬಿದ್ದಾಗ ಹಾಸು ನಡುವೆ ಬಾಗುತ್ತದೆ. ಆ ಬಾಗಿಸುವ ಬಲವನ್ನು ಟನ್-ಮೀಟರ್‌ನಲ್ಲಿ ಅಳೆಯುತ್ತಾರೆ. ಇಲ್ಲಿನ ಅಂಕಿಗಳೆಲ್ಲ ಒಂದು ಮೀಟರ್ ಅಗಲದ ಪಟ್ಟಿಗೆ. ಕೇಳಬೇಕಾದ ಪ್ರಶ್ನೆ ಸರಳ. ಹಾಸಿನ ಒಟ್ಟು ತಾಕತ್ತಿನಿಂದ ಅದರ ಸ್ವಂತ ತೂಕದ ಪಾಲು ಕಳೆದರೆ ಲಾರಿಗೆ ಎಷ್ಟು ಉಳಿಯಿತು? ಆ ಉಳಿಕೆಯನ್ನು ಲಾರಿ ಬೇಡುವ ಬಲದಿಂದ ಭಾಗಿಸಿದರೆ ಬರುವುದು ರೇಟಿಂಗ್ ಅಂಶ. ಅದು ಒಂದು ಅಥವಾ ಹೆಚ್ಚಿದ್ದರೆ ಲಾರಿ ಹೋಗಬಹುದು, ಒಂದಕ್ಕಿಂತ ಕಡಿಮೆಯಿದ್ದರೆ ಬೇಡ.

ಕಟ್ಟಿದ ದಿನ ನಮ್ಮ ಹಾಸಿನ ತಾಕತ್ತು 20. ಸ್ವಂತ ತೂಕ ಮತ್ತು ತೆಳು ಡಾಂಬರಿಗೆ 6.4 ಹೋಗಿ ಲಾರಿಗೆ 13.6 ಉಳಿದಿತ್ತು. ಈಗ ತುಕ್ಕಿನಿಂದ ತಾಕತ್ತು 16.9ಕ್ಕೆ ಇಳಿದಿದೆ, ದಪ್ಪ ಡಾಂಬರಿನಿಂದ ಸ್ವಂತ ತೂಕದ ಪಾಲು 7.6ಕ್ಕೆ ಏರಿದೆ. ಲಾರಿಗೆ ಉಳಿದದ್ದು 9.3.

21 ಟನ್ ಜೋಡಿ ಅಚ್ಚಿನ ಕಾನೂನುಬದ್ಧ ಲಾರಿ ಪೆಟ್ಟಿನ ಲೆಕ್ಕ ಸೇರಿ 9.75 ಬೇಡುತ್ತದೆ. ರೇಟಿಂಗ್ 0.95, ಸ್ವಲ್ಪದರಲ್ಲಿ ತಪ್ಪಿತು. 2018ಕ್ಕೆ ಮುಂಚಿನ 19 ಟನ್ ಜೋಡಿ ಅಚ್ಚಿಗೆ ಅದೇ ಸೇತುವೆ 1.05 ತೋರಿಸುತ್ತದೆ. ಹೆಚ್ಚು ಹೇರಿ ಹಿಂದಿನ ಅಚ್ಚುಗಳ ಮೇಲೆಯೇ 30 ಟನ್ ಹೊತ್ತು ಬರುವ ಟಿಪ್ಪರ್ 13.9 ಬೇಡುತ್ತದೆ, ರೇಟಿಂಗ್ 0.67. ಆ ಟಿಪ್ಪರ್‌ಗೆ ಸೇತುವೆ ಹೊಸದಿದ್ದಾಗಲೂ ಸಾಲುತ್ತಿರಲಿಲ್ಲ.

0.67 ಎಂದರೆ ನಾಳೆಯೇ ಬೀಳುತ್ತದೆ ಎಂದಲ್ಲ. ಸುರಕ್ಷಿತ ಒತ್ತಡಕ್ಕೂ ಉಕ್ಕು ಸೋಲುವ ಒತ್ತಡಕ್ಕೂ ನಡುವೆ ಅಂತರ ಇಟ್ಟಿರುತ್ತಾರೆ, ಅದರಿಂದಲೇ ಇಂಥ ಸೇತುವೆಗಳು ವರ್ಷಗಟ್ಟಲೆ ನಿಂತಿರುವುದು. ಆದರೆ ಆ ಅಂತರ ಇರುವುದು ನಮಗೆ ಕಾಣದ ದೋಷಗಳಿಗೆ, ಅದನ್ನು ಉಸುಕಿನ ಬಾಡಿಗೆಗೆ ಖರ್ಚು ಮಾಡುವಂತಿಲ್ಲ.

ಒಟ್ಟು ತೂಕ ನೋಡಿ ಮೋಸ ಹೋಗಬಾರದು. ಆರು ಮೀಟರ್ ಅಂಕಣದ ಮೇಲೆ ಉದ್ದನೆಯ ಟ್ರೇಲರ್ ಪೂರ್ತಿ ಹಿಡಿಸುವುದೇ ಇಲ್ಲ. ಒಂದು ಸಲಕ್ಕೆ ಅದರ ಕೆಲವು ಅಚ್ಚುಗಳಷ್ಟೇ ಮೇಲಿರುತ್ತವೆ. ಗಿಡ್ಡ ಟಿಪ್ಪರ್ ತನ್ನ ಭಾರದ ಬಹುಪಾಲನ್ನು ಒಂದೂವರೆ ಮೀಟರಿನೊಳಗೆ ಇಳಿಸುತ್ತದೆ. ಕೊರ್ಲಹಳ್ಳಿ ಬಳಿ ತುಂಗಭದ್ರೆ ದಾಟುವಂಥ ದೊಡ್ಡ ಸೇತುವೆಗಳಲ್ಲಿ ಒಟ್ಟು ತೂಕ ಮತ್ತು ಲಾರಿಗಳ ನಡುವಿನ ಅಂತರ ಮುಖ್ಯವಾದರೆ, ಹಳ್ಳದ ಸೇತುವೆಗೆ ಅಚ್ಚಿನ ಭಾರವೇ ಮುಖ್ಯ.

ಶಿಫಾರಸು

ಈ ಸೇತುವೆಗೆ ನಾನು ಬರೆಯುವುದು ಹೀಗೆ. ಜೋಡಿ ಅಚ್ಚಿಗೆ 19 ಟನ್, ಒಟ್ಟು 25 ಟನ್ ಮಿತಿ. ಸಾರಿಗೆ ಬಸ್ಸು, ಆಂಬುಲೆನ್ಸ್, ಆರು ಚಕ್ರದ ಲಾರಿ ಮಿತಿಯೊಳಗೇ ಇರುತ್ತವೆ, ತಡೆ ಬೇಡ. ನಂತರ ಡಾಂಬರಿನ ಹಳೇ ಪದರಗಳನ್ನು ಕಿತ್ತು 7.5 ಸೆಂ.ಮೀ. ಮಾತ್ರ ಹಾಕಬೇಕು. ಆಗ ಲಾರಿಗೆ ಉಳಿಯುವುದು 10.5, ಕಾನೂನುಬದ್ಧ 28.5 ಟನ್ ಲಾರಿಗೆ ರೇಟಿಂಗ್ 1.08. ಹೊಸ ಸೇತುವೆಯ ಅಂದಾಜುಪಟ್ಟಿ ಕಳಿಸುವ ಮೊದಲು ಈ ಒಂದು ಲೆಕ್ಕ ನೋಡಬೇಕೆಂದು ನನ್ನ ಒತ್ತಾಯ. ತುಕ್ಕು ನಿಲ್ಲಿಸಿ ಅಡಿಭಾಗ ದುರಸ್ತಿ ಮಾಡದಿದ್ದರೆ ಈ ಲಾಭ ಬಹಳ ದಿನ ಉಳಿಯುವುದಿಲ್ಲ ಎಂಬುದನ್ನೂ ಜೊತೆಗೇ ಬರೆಯಬೇಕು.

ಎರಡೂ ಬದಿ ಕಲ್ಲು ನೆಟ್ಟು ಒಂದೇ ಲಾರಿ ನಡುವೆ ಹೋಗುವಂತೆ ಮಾಡಿದರೆ ಭಾರ ಹೆಚ್ಚು ಅಗಲಕ್ಕೆ ಹಂಚಿ ರೇಟಿಂಗ್ ಸುಧಾರಿಸುತ್ತದೆ. ಆದರೆ ಹಾಗೆ ಹಂಚುವುದು ಅಡ್ಡ ಸರಳುಗಳ ಕೆಲಸ. ಅವೂ ತುಕ್ಕು ಹಿಡಿದಿದ್ದರೆ ಇದನ್ನು ನಂಬಬಾರದು.

ಮಿತಿಯ ಫಲಕವನ್ನು ಸೇತುವೆಯ ಬಾಯಲ್ಲಿ ಮಾತ್ರ ನೆಟ್ಟರೆ ಪ್ರಯೋಜನವಿಲ್ಲ, ಅಲ್ಲಿ ಲಾರಿ ತಿರುಗಲಾರದು. ಬದಲಿ ದಾರಿ ಹಿಡಿಯಬಹುದಾದ ಕೊನೆಯ ಕ್ರಾಸಿನಲ್ಲಿ ಮೊದಲ ಫಲಕ ಇರಬೇಕು. ಆ ಬದಲಿ ದಾರಿಯ ಸೇತುವೆಗಳನ್ನೂ ನೋಡಿರಬೇಕು, ಇಲ್ಲದಿದ್ದರೆ ಅಪಾಯ ಪಕ್ಕದ ಊರಿಗೆ ದಾಟಿದಂತಾಯಿತು. ನಿರ್ಬಂಧಕ್ಕೆ ಬಲ ಕೊಡುವುದು ಮೋಟಾರು ವಾಹನ ಕಾಯ್ದೆಯ 115ನೇ ಕಲಮು. ಹೆಚ್ಚು ಹೇರಿದ ಲಾರಿಗೆ 194ನೇ ಕಲಮಿನಲ್ಲಿ 20 ಸಾವಿರ ರೂಪಾಯಿ, ಮೇಲಿನ ಪ್ರತಿ ಟನ್‌ಗೆ 2 ಸಾವಿರ ದಂಡವಿದೆ. ತೂಕ ಹಿಡಿಯಬೇಕಾದ ಜಾಗ ಉಸುಕು ತುಂಬುವ ಸ್ಥಳದ ಕಾಟಾ.

ಈ ಲೆಕ್ಕ ಹಾಸಿನದು ಮಾತ್ರ ಎಂದು ಟಿಪ್ಪಣಿಯ ಕೊನೆಗೆ ಸ್ಪಷ್ಟವಾಗಿ ಬರೆಯಿರಿ. ಕಾರವಾರದ ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದಾಗ ಹೊಳೆಗೆ ಬಿದ್ದದ್ದು ಒಂದೇ ಲಾರಿ. ಸೇತುವೆ ಬೀಳಲು ಸಾಲುಗಟ್ಟಿ ನಿಂತ ಭಾರವೇ ಬೇಕೆಂದಿಲ್ಲ. ಅಡಿಪಾಯದ ಸುತ್ತ ಉಸುಕು ತೆಗೆದು ಹೊಳೆ ತಳ ಇಳಿದಿದ್ದರೆ ಹಾಸಿನ ರೇಟಿಂಗ್ ಎಷ್ಟಿದ್ದರೂ ಸೇತುವೆ ಉಳಿಯುವುದಿಲ್ಲ. ಆದ್ದರಿಂದ ಪ್ರತಿ ದೊಡ್ಡ ಪ್ರವಾಹದ ನಂತರ ಕಂಬದ ಬುಡ ನೋಡಬೇಕು, ಟಿಪ್ಪಣಿಗೆ ಮುಕ್ತಾಯದ ದಿನಾಂಕ ಹಾಕಿ ಅದರೊಳಗೆ ಮರುಪರೀಕ್ಷೆ ಮಾಡಬೇಕು.

ನಿಮ್ಮೂರ ಸೇತುವೆಯ ಅಡಿಯಲ್ಲಿ ಸರಳು ಹೊರಗೆ ಕಾಣುತ್ತಿದ್ದರೆ ಮಳೆಗಾಲಕ್ಕೆ ಮುಂಚೆಯೇ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಹಿಡಿದು ಫೋಟೋ ತೆಗೆಯಿರಿ. ರಸ್ತೆಯ ಹೆಸರು ಮತ್ತು ಹತ್ತಿರದ ಕಿಲೋಮೀಟರ್ ಕಲ್ಲಿನ ಅಂಕಿ ಬರೆದು ತಾಲ್ಲೂಕಿನ ಲೋಕೋಪಯೋಗಿ ಉಪವಿಭಾಗದ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅದು ಜಿಲ್ಲಾ ಪಂಚಾಯ್ತಿಯ ರಸ್ತೆಯಾಗಿದ್ದರೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ಉಪವಿಭಾಗಕ್ಕೆ ಕೊಡಿ.