ರೀಫಂಡ್ ಸರಿಯಾಗಿದೆಯೇ?

ರಿಟರ್ನ್ ಸಲ್ಲಿಸುವ ಮುನ್ನ ಫಾರ್ಮ್ 26ಎಎಸ್‌ನಲ್ಲಿ ಟಿಡಿಎಸ್, ಎಐಎಸ್‌ನಲ್ಲಿ ಮುಂಗಡ ತೆರಿಗೆ, ಎರಡೂ ನಿಮ್ಮ ಪ್ಯಾನ್‌ಗೆ ಜಮೆಯಾಗಿವೆಯೇ ನೋಡಿ. ಚಲನ್‌ನಲ್ಲಿ ವರ್ಷ ತಪ್ಪಾಗಿ ನಮೂದಾಗಿದ್ದರೆ ಕಟ್ಟಿದ ಹಣವೂ ಲೆಕ್ಕಕ್ಕೆ ಬರುವುದಿಲ್ಲ. ನಾನು ಹೆಚ್ಚಾಗಿ ಕಂಡಿರುವ ತಪ್ಪು ಇದೇ.

ಸೆಸ್ ಸೇರಿ ನಿಮ್ಮ ತೆರಿಗೆ 62,000 ರೂಪಾಯಿ ಎನ್ನಿ. ಟಿಡಿಎಸ್ 48,000, ಮುಂಗಡ ತೆರಿಗೆ 24,000, ಒಟ್ಟು 72,000. ಅಂದರೆ 10,000 ವಾಪಸ್ ಬರಬೇಕು. ಮರುಪಾವತಿ ಮೊತ್ತ ತೆರಿಗೆಯ ಶೇ 10ಕ್ಕಿಂತ, ಇಲ್ಲಿ 6,200ಕ್ಕಿಂತ, ಕಡಿಮೆಯಿದ್ದರೆ ಬಡ್ಡಿಯಿಲ್ಲ. ಇಲ್ಲಿ ಹೆಚ್ಚಿದೆ. ಗಡುವಿನೊಳಗೆ ರಿಟರ್ನ್ ಸಲ್ಲಿಸಿದ್ದರೆ ಏಪ್ರಿಲ್ 1ರಿಂದ ತಿಂಗಳಿಗೆ ಶೇ 0.5 ಬಡ್ಡಿ, ಅರೆ ತಿಂಗಳೂ ಪೂರ್ತಿ ತಿಂಗಳೇ. ಆಗಸ್ಟ್ 20ಕ್ಕೆ ಹಣ ಮಂಜೂರಾದರೆ ಐದು ತಿಂಗಳಿಗೆ 250 ರೂಪಾಯಿ. ತಡವಾಗಿ ಸಲ್ಲಿಸಿದರೆ ಸಲ್ಲಿಸಿದ ದಿನದಿಂದಷ್ಟೇ ಎಣಿಕೆ. ಈ ಬಡ್ಡಿಗೂ ತೆರಿಗೆಯುಂಟು, ಬಂದ ವರ್ಷದ ಆದಾಯದಲ್ಲಿ ತೋರಿಸಿ.