ತಿಂಗಳಿಗೆ ಮೂರು ಸಾವಿರದ ಪುಟ್

ಪುಟ್ಟಿ, ಭಾನುವಾರ ನೀನು ಕೇಳಿದ ಪ್ರಶ್ನೆಗೆ ಊಟದ ಗಡಿಬಿಡಿಯಲ್ಲಿ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಬ್ಯಾಂಕಿನ ಟ್ರೆಷರಿಯಲ್ಲಿ ಅಷ್ಟು ವರ್ಷ ಕೂತು ಬಂದ ದೊಡ್ಡಪ್ಪ ಇಂಥದ್ದಕ್ಕೆ ಎರಡು ಮಾತಿನಲ್ಲಿ ಹೂಂ ಅಥವಾ ಉಹೂಂ ಎಂದುಬಿಡಬಾರದು. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಯೋಚನೆ ಇಷ್ಟು: ಇಂಡೆಕ್ಸ್ ಫಂಡಿನಲ್ಲಿ ಸುಮಾರು 36 ಲಕ್ಷ ಇದೆ. ಮಾರುಕಟ್ಟೆ ಕುಸಿದುಬಿದ್ದರೆ ಎಂಬ ಭಯಕ್ಕೆ, ಪ್ರತಿ ತಿಂಗಳೂ ಸಣ್ಣ ಮೊತ್ತದಲ್ಲಿ ನಿಫ್ಟಿಯ ದೂರದ ಪುಟ್ ಆಪ್ಷನ್ ಕೊಂಡಿಡುವುದು. ಈಗಿನ ಮಟ್ಟಕ್ಕಿಂತ ಶೇ 20ರಷ್ಟು ಕೆಳಗಿನ ಸ್ಟ್ರೈಕ್. ನಿಫ್ಟಿ ಅಲ್ಲಿಗೆ ಇಳಿಯದಿದ್ದರೆ ಕೊಟ್ಟ ಪ್ರೀಮಿಯಂ ಹೋಯಿತು. ಅದಕ್ಕೂ ಕೆಳಗಿಳಿದರೆ ಇಳಿದ ಒಂದೊಂದು ಪಾಯಿಂಟಿಗೂ ಹಣ ಬರುತ್ತದೆ. ಇದು ವಿಮೆಯ ಹಾಗೆಯೇ. ಮೊದಲ ಶೇ 20ರ ನಷ್ಟ ಪೂರ್ತಿ ನಿನ್ನದು, ಅದರಾಚೆಯದು ಮಾತ್ರ ಪುಟ್ಟಿನದು.

ಇದನ್ನು 2020ರ ಮಾರ್ಚ್‌ಗೆ ಹಚ್ಚಿ ನೋಡೋಣ. ಈ ಉಪಾಯವನ್ನು ಹೊಗಳುವವರೆಲ್ಲ ತೋರಿಸುವುದು ಅದೇ ತಿಂಗಳನ್ನು. 2020ರ ಫೆಬ್ರುವರಿ 20ರಂದು ನಿಫ್ಟಿ 12,080ರಲ್ಲಿ ಮುಗಿದಿತ್ತು. ಆಗ ಒಂದು ಲಾಟ್ ಎಂದರೆ 75. ನಾಲ್ಕು ಲಾಟ್ ಸೇರಿದರೆ 300, ಅಂದರೆ 36 ಲಕ್ಷ ಚಿಲ್ಲರೆ ಮೌಲ್ಯ. ನಿನ್ನಷ್ಟೇ ಹಣ ಇದ್ದವರೊಬ್ಬರು ಅವತ್ತು ಮಾರ್ಚ್ 26ಕ್ಕೆ ಮುಗಿಯುವ 9,700ರ ಪುಟ್ ನಾಲ್ಕು ಲಾಟ್ ಕೊಂಡರು ಎಂದಿಟ್ಟುಕೋ. ಲೆಕ್ಕ ಸುಲಭವಾಗಲಿ ಅಂತ ಬೆಲೆ 10 ರೂಪಾಯಿ ಎಂದು ಹಿಡಿದಿದ್ದೇನೆ. ಶಾಂತವಾದ ತಿಂಗಳಲ್ಲಿ ಅಷ್ಟು ದೂರದ ಪುಟ್ ಇದಕ್ಕೂ ಅಗ್ಗಕ್ಕೆ ಸಿಗಬಹುದು, ಅಳುಕಿನ ತಿಂಗಳಲ್ಲಿ ಇದರ ಹಲವು ಪಟ್ಟು ಆಗುತ್ತದೆ. 300 ಗುಣಿಸು 10, ಖರ್ಚು 3,000 ರೂಪಾಯಿ. ತಿಂಗಳು ತಿಂಗಳೂ ಹೀಗೇ ಕೊಂಡರೆ ವರ್ಷಕ್ಕೆ 36,000, ಬಂಡವಾಳದ ಶೇ 1.

ಮಾರ್ಚ್ 23ರ ಸೋಮವಾರ ನಿಫ್ಟಿ ಒಂದೇ ದಿನ ಶೇ 13ರಷ್ಟು ಬಿದ್ದು 7,610ರಲ್ಲಿ ನಿಂತಿತು. ಫಂಡಿನಲ್ಲಿದ್ದ ಹಣದಲ್ಲಿ 13 ಲಕ್ಷ 41 ಸಾವಿರ ಕರಗಿತ್ತು. 9,700ರ ಪುಟ್ಟಿಗೆ ಕನಿಷ್ಠ 2,090 ರೂಪಾಯಿ ಬೆಲೆ ಬಂದಿತ್ತು. 300ಕ್ಕೆ 6 ಲಕ್ಷ 27 ಸಾವಿರ. ಮೂರು ಸಾವಿರ ಆರು ಲಕ್ಷವಾದ ಕಥೆ ಇದೇ. ಆದರೂ ನಷ್ಟದ ಅರ್ಧ ಕೂಡ ಪೂರ್ತಿ ತುಂಬಲಿಲ್ಲ ಎಂಬುದನ್ನು ಗಮನಿಸು.

ಕಥೆ ಹೇಳುವವರು ಬಿಟ್ಟುಬಿಡುವುದು ಅದರ ಮುಂದಿನ ಮೂರು ದಿನ. ಮಾರ್ಚ್ 24ರಂದು ನಿಫ್ಟಿ 7,801, 25ರಂದು 8,317, ಎಕ್ಸ್‌ಪೈರಿ ದಿನವಾದ 26ರಂದು 8,641. ಇನ್ನೂ ಬೀಳುತ್ತದೆ ಅಂತ ಕೈಯಲ್ಲೇ ಇಟ್ಟುಕೊಂಡವರಿಗೆ ಸಿಕ್ಕಿದ್ದು ಪ್ರತಿ ಪುಟ್ಟಿಗೆ 1,058ರ ಆಸುಪಾಸು, ಒಟ್ಟು 3 ಲಕ್ಷ 17 ಸಾವಿರ. ಅದೇ ಪುಟ್, ಅದೇ ಕುಸಿತ. ಮೂರು ದಿನಕ್ಕೆ ಅರ್ಧ ಹೋಯಿತು.

ಈಗ ತಕ್ಕಡಿಯ ಇನ್ನೊಂದು ತಟ್ಟೆ ನೋಡು. 2008ರ ಅಕ್ಟೋಬರ್‌ನಲ್ಲಿ ನಿಫ್ಟಿ ಒಂದೇ ತಿಂಗಳಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಬಿದ್ದಿತ್ತು. ಅದಾದ ಮೇಲೆ ಒಂದೇ ತಿಂಗಳಲ್ಲಿ ಶೇ 20 ಬಿದ್ದದ್ದು 2020ರ ಮಾರ್ಚ್‌ನಲ್ಲೇ. ನಡುವೆ 11 ವರ್ಷ. ವರ್ಷಕ್ಕೆ ಶೇ 1ರಂತೆ ಬಂಡವಾಳದ ಶೇ 11ರಷ್ಟು ಪ್ರೀಮಿಯಂ ಕಟ್ಟಿರಬೇಕು. ಬಂದದ್ದು, 23ರಂದು ಮಾರಿದ್ದರೆ ಶೇ 17. 26ರವರೆಗೆ ಕಾದಿದ್ದರೆ ಶೇ 9ಕ್ಕಿಂತ ಕಡಿಮೆ. ಲಾಭವೋ ನಷ್ಟವೋ ಎಂಬುದು ಹನ್ನೊಂದು ವರ್ಷದ ಶಿಸ್ತಿನ ಕೊನೆಗೆ ಮೂರೇ ದಿನದಲ್ಲಿ ತೀರ್ಮಾನವಾಯಿತು. ಮಾರುವ ನಿಯಮವನ್ನು ಕೊಳ್ಳುವ ದಿನವೇ ಬರೆದಿಡು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ನನ್ನ ನಿಯಮ ಹೀಗಿರುತ್ತಿತ್ತು: ನಿಫ್ಟಿ ಸ್ಟ್ರೈಕ್ ದಾಟಿ ಕೆಳಗಿಳಿದ ದಿನ ಅರ್ಧ ಮಾರುವುದು, ಅದಕ್ಕಿಂತ ಇನ್ನೂ ಶೇ 10 ಇಳಿದರೆ ಉಳಿದದ್ದನ್ನೂ ಮಾರುವುದು, ಬಂದ ಹಣಕ್ಕೆ ಅಂದೇ ಇಂಡೆಕ್ಸ್ ಫಂಡ್ ಕೊಳ್ಳುವುದು. ತಳ ಹುಡುಕುವ ಕೆಲಸ ಬೇಡ. ಮಾರ್ಚ್ 23ರ ಬೆಳಿಗ್ಗೆ ಸರ್ಕ್ಯೂಟ್ ಬಿದ್ದು 45 ನಿಮಿಷ ವ್ಯವಹಾರವೇ ನಿಂತಿತ್ತು. ಅಂಥ ಹೊತ್ತಿನಲ್ಲಿ ಕೂತು ಯೋಚಿಸಿ ತೀರ್ಮಾನ ಮಾಡುತ್ತೇನೆ ಎಂದುಕೊಳ್ಳಬೇಡ.

ಅಮೆರಿಕದ ಕ್ಯಾಲಿಫೋರ್ನಿಯಾದ ಸರ್ಕಾರಿ ನೌಕರರ ಪಿಂಚಣಿ ನಿಧಿ ಕ್ಯಾಲ್‌ಪರ್ಸ್‌ನದು ಇನ್ನೊಂದು ಬಗೆಯ ಪಾಠ. ಇಂಥದ್ದೇ ರಕ್ಷಣೆಯನ್ನು ಪರಿಣತರ ಕೈಯಲ್ಲಿ ಇಟ್ಟುಕೊಂಡಿದ್ದರು. ವರ್ಷ ವರ್ಷವೂ ಖರ್ಚೇ ಕಾಣುತ್ತಿದೆ, ಇದಕ್ಕಿಂತ ಅಗ್ಗದ ದಾರಿಗಳಿವೆ ಎಂದು 2019ರಲ್ಲಿ ಕೈಬಿಡಲು ತೀರ್ಮಾನಿಸಿ, 2020ರ ಜನವರಿಯ ಹೊತ್ತಿಗೆ ಕೊನೆಯದನ್ನೂ ಮುಚ್ಚಿದರು. ಎರಡೇ ತಿಂಗಳಿಗೆ ಕೋವಿಡ್ ಕುಸಿತ ಬಂತು. ಅವರನ್ನು ದಡ್ಡರೆನ್ನಲು ನನಗೆ ಮನಸ್ಸಿಲ್ಲ. ಏನೂ ಬಾರದ ಖರ್ಚನ್ನು ಪ್ರತಿ ವರ್ಷ ವರದಿಯಲ್ಲಿ ನೋಡುತ್ತಾ ಮುಂದುವರಿಸುವುದು ಯಾವ ಸಂಸ್ಥೆಗೂ ಕಷ್ಟ, ಒಬ್ಬ ಮನುಷ್ಯನಿಗಂತೂ ಇನ್ನೂ ಕಷ್ಟ. ನಾಲ್ಕನೇ ವರ್ಷಕ್ಕೆ ಬೇಸತ್ತು ಬಿಡುವುದಾದರೆ ಮೊದಲನೇ ತಿಂಗಳೇ ಶುರುಮಾಡಬೇಡ. ಆ ನಾಲ್ಕು ವರ್ಷದ ಹಣ ಸುಮ್ಮನೆ ಹೋಗುತ್ತದೆ.

ಇನ್ನು, ಈ ಪುಟ್ ಯಾವ ಕುಸಿತಕ್ಕೆ ಕೆಲಸಕ್ಕೆ ಬರುವುದಿಲ್ಲ ಎಂಬುದು. 2024ರ ಜೂನ್ 4, ಲೋಕಸಭಾ ಫಲಿತಾಂಶದ ದಿನ ನಿಫ್ಟಿ ಶೇ 6ರ ಹತ್ತಿರ ಬಿತ್ತು. ಅದೇ ವಾರದಲ್ಲಿ ಎದ್ದೂ ಬಿಟ್ಟಿತು. ಶೇ 20ರಷ್ಟು ದೂರದ ಪುಟ್‌ಗೆ ಅದು ತಾಗಲೇ ಇಲ್ಲ. ಅದಕ್ಕಿಂತ ಮುಖ್ಯವಾದದ್ದು ಅದೇ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ 26,277 ಮುಟ್ಟಿದ ನಿಫ್ಟಿ, 2025ರ ಮಾರ್ಚ್ ಮೊದಲ ವಾರದ ಹೊತ್ತಿಗೆ 22,000ದ ಕೆಳಗೆ ಜಾರಿದ್ದು. ಶೇ 16ರ ಇಳಿತ, ಆದರೆ ಐದು ತಿಂಗಳಲ್ಲಿ ನಿಧಾನವಾಗಿ. ತಿಂಗಳು ತಿಂಗಳೂ ಹೊಸ ಪುಟ್ ಕೊಳ್ಳುವವರ ಸ್ಟ್ರೈಕ್ ಮಾರುಕಟ್ಟೆಯ ಜೊತೆಗೇ ಕೆಳಗಿಳಿಯುತ್ತಾ ಹೋಗುತ್ತದೆ. ನಿಫ್ಟಿ ಹೀಗೆ ತಿಂಗಳಿಗಿಷ್ಟು ಅಂತ ಅರ್ಧಕ್ಕಿಳಿದರೂ ಒಂದು ರೂಪಾಯಿಯೂ ಬರದೇ ಹೋಗಬಹುದು. ಮೂರು ತಿಂಗಳ ಪುಟ್ ಕೊಂಡರೆ ಈ ತೊಂದರೆ ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ದೂರದ ಸ್ಟ್ರೈಕ್‌ಗಳಲ್ಲಿ ಕೊಳ್ಳುವವರೂ ಮಾರುವವರೂ ಕಡಿಮೆ, ಎರಡು ಬೆಲೆಗಳ ನಡುವೆ ದೊಡ್ಡ ಅಂತರ ಇರುತ್ತದೆ. ಮಾರ್ಕೆಟ್ ಆರ್ಡರ್ ಹಾಕಲೇಬೇಡ, ಲಿಮಿಟ್ ಆರ್ಡರ್ ಹಾಕಿ ಕಾಯಿ. ತೀರಾ ದೂರದ ಸ್ಟ್ರೈಕ್‌ಗೆ ಆರ್ಡರನ್ನೇ ತೆಗೆದುಕೊಳ್ಳದ ಬ್ರೋಕರ್‌ಗಳೂ ಇದ್ದಾರೆ, ಮೊದಲೇ ವಿಚಾರಿಸಿಕೋ.

ಬಜೆಟ್ಟನ್ನು ರೂಪಾಯಿಯಲ್ಲಿ ಕಟ್ಟಿಹಾಕು, ಲಾಟ್‌ನಲ್ಲಲ್ಲ. ಈಗ ಒಂದು ನಿಫ್ಟಿ ಲಾಟ್‌ನ ಮೌಲ್ಯ 15 ಲಕ್ಷ ದಾಟುತ್ತದೆ, ನಿನ್ನ ಹಣಕ್ಕೆ ಎರಡು ಲಾಟ್ ಸಾಕು. ಇಂಡಿಯಾ ವಿಕ್ಸ್ ಎಂಬ ಸೂಚ್ಯಂಕ 12–13ರಲ್ಲಿರುವಾಗ ಮೂರು ಸಾವಿರಕ್ಕೆ ಎರಡು ಲಾಟ್ ಬರಬಹುದು. ಅದೇ ವಿಕ್ಸ್ 2020ರ ಮಾರ್ಚ್‌ನಲ್ಲಿ 80 ದಾಟಿತ್ತು. ಭಯ ಬಂದ ಮೇಲೆ ಪುಟ್ ಕೊಳ್ಳಲು ಓಡುವವರು ಕೊಡುವುದು ಆ ಬೆಲೆ. ಬಜೆಟ್ಟಿಗೆ ಒಂದೇ ಲಾಟ್ ಬಂದರೆ ಒಂದೇ ಕೊಳ್ಳು, ಒಂದೂ ಬರದಿದ್ದರೆ ಆ ತಿಂಗಳು ಬಿಡು. ಖರ್ಚು ಸರಿದೂಗಿಸಲು ಹತ್ತಿರದ ಸ್ಟ್ರೈಕ್ ಮಾರಿ ಪ್ರೀಮಿಯಂ ಹುಟ್ಟಿಸಿಕೋ ಎಂದು ನಿನ್ನ ಆಫೀಸಿನ ಹುಡುಗರು ಹೇಳಿಕೊಡಬಹುದು. ಅವರ ಮಾತು ಕೇಳಬೇಡ. ಯಾವ ಕುಸಿತಕ್ಕೆ ಹೆದರಿ ವಿಮೆ ಮಾಡಿಸಿದೆಯೋ ಅದೇ ಕುಸಿತಕ್ಕೆ ನೀನೇ ವಿಮೆ ಮಾರಿದ ಹಾಗಾಗುತ್ತದೆ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಎಫ್ ಆಂಡ್ ಓನಲ್ಲಿ ವ್ಯವಹರಿಸಿದ ಬಿಡಿ ಹೂಡಿಕೆದಾರರಲ್ಲಿ ಶೇ 93 ಮಂದಿಗೆ ನಷ್ಟವಾಗಿದೆ ಎಂದು ಸೆಬಿಯೇ ಲೆಕ್ಕ ಕೊಟ್ಟಿದೆ.

ತೆರಿಗೆಯನ್ನೂ ಮರೆಯಬೇಡ. ಆಪ್ಷನ್ ವ್ಯವಹಾರ ಬಿಸಿನೆಸ್ ಆದಾಯದ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ನೀನು ಐಟಿಆರ್-3 ತುಂಬಬೇಕು. ಈ ನಷ್ಟವನ್ನು ಸಂಬಳದ ಆದಾಯದಲ್ಲಿ ಕಳೆಯಲು ಬರುವುದಿಲ್ಲ. ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ಅದೂ ರಿಟರ್ನ್ ಸಮಯಕ್ಕೆ ಸಲ್ಲಿಸಿದ್ದರೆ. ಲಾಭ ಬಂದ ವರ್ಷ ಮಾತ್ರ ನಿನ್ನ ಸ್ಲ್ಯಾಬಿನ ತೆರಿಗೆ ಪೂರ್ತಿ ಬೀಳುತ್ತದೆ. ಮೇಲಿನ ಲೆಕ್ಕದ 6 ಲಕ್ಷ ಕೈಗೆ ಬರುವಾಗ 6 ಲಕ್ಷವಾಗಿರುವುದಿಲ್ಲ.

ಇಷ್ಟಾದ ಮೇಲೆ, ನಿನಗೆ ಇದು ಬೇಕೇ? ಯಾವ ಪುಟ್ಟೂ ಕೊಳ್ಳದೆ, ಏನನ್ನೂ ಮಾರದೆ ಸುಮ್ಮನೆ ಕೂತವರಿಗೂ ನಿಫ್ಟಿ 2020ರ ನವೆಂಬರ್‌ನಲ್ಲೇ ಹಳೆಯ ಶಿಖರಕ್ಕೆ ವಾಪಸಾಯಿತು. ಅವರು ಅನುಭವಿಸಿದ್ದು ಎಂಟು ತಿಂಗಳ ಸಂಕಟ ಮಾತ್ರ. ನಿಜವಾಗಿ ಕಳೆದುಕೊಂಡವರು ಆ ತಳದಲ್ಲೇ ಮಾರಲೇಬೇಕಾಗಿ ಬಂದವರು, ಸಂಬಳ ನಿಂತು ಕಂತು ನಿಲ್ಲದವರು. ಆ ದೃಷ್ಟಿಯಿಂದ ನಿನ್ನ ಪರಿಸ್ಥಿತಿ ನೋಡು. ನಾಗರಬಾವಿ ಸರ್ಕಲ್ ಹತ್ತಿರದ ಫ್ಲಾಟಿನ ಸಾಲ ಇನ್ನೂ ಬಹಳ ವರ್ಷ ಇದೆ. ಮನೆಗೆ ಒಂದೇ ಸಂಬಳ. ಅದರ ಮೇಲೆ ಕಂಪನಿ ಕೊಟ್ಟ ಅಮೆರಿಕದ ಷೇರು ಬೇರೆ. ಅಲ್ಲಿನ ಮಾರುಕಟ್ಟೆ ಬಿದ್ದರೆ ಷೇರು, ಕೆಲಸ ಎರಡೂ ಒಟ್ಟಿಗೇ ಅಲುಗಾಡುತ್ತವೆ, ಅದಕ್ಕೆ ನಿಫ್ಟಿ ಪುಟ್ ಸರಿಹೊಂದಬೇಕೆಂದೇನೂ ಇಲ್ಲ.

ಅದಕ್ಕೇ ನನ್ನ ಸಲಹೆಯಲ್ಲಿ ಮೊದಲನೆಯದು ಪುಟ್ ಅಲ್ಲ. 36 ಲಕ್ಷದಲ್ಲಿ 11 ಲಕ್ಷವನ್ನು ಎಫ್‌ಡಿಗೆ ತಿರುಗಿಸಿದ್ದರೆ, 2020ರ ಮಾರ್ಚ್ 26ರ ಲೆಕ್ಕಕ್ಕೆ ಆ ನಾಲ್ಕು ಲಾಟ್ ಪುಟ್ ಕೊಟ್ಟಷ್ಟೇ ರಕ್ಷಣೆ ಸಿಗುತ್ತಿತ್ತು. ನಿಧಾನದ ಇಳಿತದಲ್ಲೂ ಅದು ಕಾಯುತ್ತದೆ, ಕೆಲಸ ಹೋದರೆ ಕಂತನ್ನೂ ಕಟ್ಟುತ್ತದೆ. ಅದಕ್ಕೂ ಬೆಲೆ ಇದೆ, ಏರುವ ವರ್ಷಗಳಲ್ಲಿ ಆ 11 ಲಕ್ಷ ಹಿಂದೆ ಉಳಿಯುತ್ತದೆ. ಅಷ್ಟನ್ನು ತೆಗೆದಿಡಲು ಮನಸ್ಸಿಲ್ಲ, ಏರಿಕೆಯ ಪೂರ್ತಿ ಪಾಲು ಬೇಕು ಎನ್ನುವವರಿಗೆ ಪುಟ್ ಅರ್ಥವಿರುವ ಖರ್ಚು.

ಹಾಗಾಗಿ ಒಂದು ವರ್ಷದ ಕಂತು ಮತ್ತು ಮನೆ ಖರ್ಚನ್ನು ಮೊದಲು ಎಫ್‌ಡಿಯಲ್ಲಿ ಇಡು. ಕೈಗೆ ಬಂದ ಕಂಪನಿ ಷೇರನ್ನು ಆಗಾಗ ಮಾರಿ ಬೇರೆಡೆಗೆ ಹಂಚು. ಅದಾದ ಮೇಲೂ ಮನಸ್ಸಿದ್ದರೆ, ವರ್ಷಕ್ಕೆ 36,000 ಮೀರದಂತೆ ಪುಟ್ ಕೊಳ್ಳು. ಮಾರುವ ನಿಯಮವನ್ನು ಒಂದು ಹಾಳೆಯಲ್ಲಿ ಬರೆದು ಒಂದು ಪ್ರತಿ ನನಗೆ ಕೊಡು. ನಿಫ್ಟಿ ಆ ಸ್ಟ್ರೈಕ್ ಮುಟ್ಟಿದ ದಿನ ನಾನೇ ಫೋನ್ ಮಾಡಿ ಆರ್ಡರ್ ಹಾಕಿದೆಯಾ ಅಂತ ಕೇಳುತ್ತೇನೆ.